"ಅವರು ನಮ್ಮವರೇ" ಎನ್ನುವ ಮುಂಚೆ



ಈ ಸಲ ಭಟ್ಕಳದಿಂದ ಒಂದು ಪತ್ರ ಬಂದಿದೆ. ಬರೆದ ತಾಯಿ ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳು ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕಲಿದ್ದಾಳೆ. ಅಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬರು ಈ ತಾಯಿಯ ತಂಗಿಯ ಗಂಡನಿಗೆ ಕಾಲೇಜು ದಿನಗಳ ಗೆಳೆಯರು. "ಅರ್ಜಿಯಲ್ಲಿ ಅವರನ್ನು ನಮ್ಮ ಹತ್ತಿರದ ಸಂಬಂಧಿ ಅಂತ ಬರೆದರೆ ತಪ್ಪೇನು? ತಂಗಿ ಗಂಡನ ಗೆಳೆಯ ಅಂದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಲೋಕದಲ್ಲಿ ಎಲ್ಲರೂ ಹೀಗೇ ಮಾಡುವುದಲ್ಲವೇ?" ಎಂದು ಕೇಳಿದ್ದಾರೆ.

ತಪ್ಪೇನು ಎಂದು ನಾನೇ ಒಂದು ಕಾಲದಲ್ಲಿ ಕೇಳಿದವಳು. ಆದ್ದರಿಂದ ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ನಗಬೇಡಿ.

ನಾಲ್ಕು ವರ್ಷದ ಹಿಂದೆ ನನ್ನ ಮಗ ಡಿಪ್ಲೊಮಾ ಮುಗಿಸಿ ಮಂಗಳೂರಿನ ಕಡೆಯ ಒಂದು ಖಾಸಗಿ ಕಾರ್ಖಾನೆಯ ಸಂದರ್ಶನಕ್ಕೆ ಹೊರಟಿದ್ದ. ಅಲ್ಲಿಯ ಮ್ಯಾನೇಜರು ನಮ್ಮ ಕಡೆಯವರು. ಆ ಹಿಂದಿನ ವರ್ಷ ಹೊನ್ನಾವರದ ಒಂದು ಮದುವೆಯಲ್ಲಿ ನಮ್ಮ ಯಜಮಾನರ ಪಕ್ಕದ ಎಲೆಗೇ ಊಟಕ್ಕೆ ಕೂತಿದ್ದರು. "ಯಾವ ಊರಾಯಿತು?" ಎಂದು ಕೇಳಿದರಂತೆ. ಇವರು "ಕುಮಟೆ" ಎಂದರು. "ಹೌದಾ? ನಮ್ಮ ಅಕ್ಕ ಓದಿದ್ದೂ ಕುಮಟೆಯಲ್ಲೇ" ಎಂದು ಅವರು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಹೋಳಿಗೆಯ ಕಡೆ ಹೋಯಿತು. ಇಷ್ಟೇ ಪರಿಚಯ.

ಮಗ ಹೊರಡುವ ಹಿಂದಿನ ರಾತ್ರಿ ನಾನು ಅವನಿಗೆ ಚೀಲ ತುಂಬುತ್ತ ಹೇಳಿದೆ: "ನೋಡು, ಅಲ್ಲಿ ಹೋದ ಕೂಡಲೆ, ಮ್ಯಾನೇಜರು ನಮ್ಮ ಅಪ್ಪನಿಗೆ ಭಾವ ಆಗಬೇಕು ಅಂತ ಹೇಳು." ಅವನಿಗೆ ಮನಸ್ಸಿರಲಿಲ್ಲ. "ಎಂಥ ಅಮ್ಮ, ಭಾವ ಹೇಗೆ ಆಗ್ತಾರೆ?" ಎಂದ. "ನಮ್ಮ ಪೈಕಿಯವರೇ ಅಲ್ವೋ, ಹುಡುಕಿದರೆ ಎಲ್ಲೋ ಒಂದು ಕಡೆ ಭಾವ ಆಗಿಯೇ ಆಗ್ತಾರೆ" ಎಂದು ನಾನೇ ಜೋರು ಮಾಡಿ ಕಳಿಸಿದೆ.

ಪಾಪ, ಹೇಳಿದ. ಸಂದರ್ಶನಕ್ಕೆ ಕೂತಿದ್ದವರು ಮೂರು ಜನ. ಅದರಲ್ಲಿ ಒಬ್ಬರು ಅಲ್ಲಿಂದಲೇ ಫೋನೆತ್ತಿ ಮ್ಯಾನೇಜರನ್ನು ಕೇಳಿದರು. ಅವರು ಪಕ್ಕದ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು, ಬೈಯಲೂ ಇಲ್ಲ, ನಗಲೂ ಇಲ್ಲ, "ಯಾವ ಕಡೆಯಿಂದ ಭಾವ ಆಗಬೇಕು, ತಮ್ಮಾ?" ಎಂದು ಕೇಳಿದರಂತೆ. ಮಗನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವನ ಅಂಕಪಟ್ಟಿಯನ್ನು ಎರಡು ಸಲ ತಿರುಗಿಸಿ ತಿರುಗಿಸಿ ನೋಡಿದರಂತೆ. ಅಂಕಗಳೆಲ್ಲ ಅವನ ಸ್ವಂತದ್ದು, ಒಂದೂ ಸುಳ್ಳಲ್ಲ. ಆದರೆ ಒಂದು ಸುಳ್ಳು ಸಿಕ್ಕಿದ ಮೇಲೆ ಉಳಿದದ್ದನ್ನೂ ಬೆಳಕಿಗೆ ಹಿಡಿದು ನೋಡುವುದು ಮನುಷ್ಯ ಸ್ವಭಾವವಲ್ಲವೇ? ಮೊಟ್ಟೆ ಮಾರುವವಳ ಬುಟ್ಟಿಯಲ್ಲಿ ಒಂದು ಕೆಟ್ಟದ್ದು ಸಿಕ್ಕರೆ ನಾವು ಉಳಿದವನ್ನೆಲ್ಲ ನೀರಿಗೆ ಹಾಕಿ ನೋಡುವುದಿಲ್ಲವೇ, ಹಾಗೆ. ಕೆಲಸ ಸಿಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆ. ಎರಡು ತಿಂಗಳ ಮೇಲೆ ಕುಮಟೆ ಪೇಟೆಯಲ್ಲಿ ನನ್ನ ಹೈಸ್ಕೂಲಿನ ಗೆಳತಿಯೊಬ್ಬಳು ಸಿಕ್ಕಿದಳು. ಎಂಟನೆಯ ಈಯತ್ತೆಯಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಬಸಳೆ ಸೊಪ್ಪು ಆರಿಸುತ್ತ ನಿಂತವಳು ನನ್ನ ಮುಖ ನೋಡಿ ಕೇಳಿದಳು: "ನಿನ್ನ ಮಗ ನನ್ನ ತಮ್ಮನ್ನ ಭಾವ ಅಂದನಂತಲ್ಲೇ?"

ನನ್ನ ಕೈಯಲ್ಲಿದ್ದ ಚೀಲ ಜಾರಿತು. ಆ ಮ್ಯಾನೇಜರು ನನ್ನ ಗೆಳತಿಯ ತಮ್ಮ! "ಅಕ್ಕ ಕುಮಟೆಯಲ್ಲಿ ಓದಿದ್ದು" ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. "ಯಾರು ನಿಮ್ಮ ಅಕ್ಕ?" ಎಂದು ಒಂದು ಮಾತು ಕೇಳಿದ್ದರೆ ನಿಜವಾದ ನಂಟು ಅಲ್ಲೇ ಕಾಣುತ್ತಿತ್ತು. ಕೇಳದೆ ಸುಳ್ಳು ನಂಟನ್ನು ಕಟ್ಟಿಕೊಂಡೆ. ಗೆಳತಿ ಹೇಳಿದಳು: "ಒಂದು ಫೋನ್ ಮಾಡಿದ್ರೆ ಸಾಕಿತ್ತು ಮಾರಾಯ್ತಿ. ನಿನ್ನ ಮಗನ್ನ ಚಿಕ್ಕಂದಿನಿಂದ ನೋಡಿದವಳು ನಾನು, ಧೈರ್ಯವಾಗಿ ಹೇಳ್ತಿದ್ದೆ. ಈಗ ನಾನು ಹೇಳಿದರೂ ಅವ ನಂಬೋದಿಲ್ಲ. ನಿನಗೆ ಗೊತ್ತುಂಟಾ, ಅವನ ಮೇಲಿನವರು, ನಿಮ್ಮ ಕಡೆಯವರನ್ನು ಒಳಗೆ ಸೇರಿಸ್ಲಿಕ್ಕೆ ಹೊರಟಿದ್ದೀರಾ ಅಂತ ಅವನನ್ನೇ ಕೇಳಿದರಂತೆ."

ಇದು ನನಗೆ ಹೊಳೆದೇ ಇರಲಿಲ್ಲ. ಸುಳ್ಳಿನಿಂದ ನಷ್ಟವಾದರೆ ನಮಗೆ ಮಾತ್ರ ಎಂದುಕೊಂಡಿದ್ದೆ. ಆದರೆ ಯಾರ ಹೆಸರು ಎತ್ತುತ್ತೇವೋ ಅವರು ಏನೂ ಮಾಡದೆ ಸಮಜಾಯಿಷಿ ಕೊಡಬೇಕಾಗುತ್ತದೆ. ಸಾಲ ತೆಗೆದವಳು ನಾನು, ಬಡ್ಡಿ ಕಟ್ಟಿದವರು ಅವರು.

ನಮ್ಮ ಈ ಮೂರು ತಾಲೂಕುಗಳಲ್ಲಿ ಇಂಥ ಸುಳ್ಳು ಬೇಗ ಸಿಕ್ಕಿಬೀಳುವುದಕ್ಕೆ ಕಾರಣವುಂಟು. ಇಡಗುಂಜಿ ಗಣಪತಿಯ ಹತ್ತಿರ, ಗೋಕರ್ಣದ ತೇರಿನಲ್ಲಿ, ಯಕ್ಷಗಾನದ ಆಟದಲ್ಲಿ, ಮದುವೆ ಮುಂಜಿಗಳಲ್ಲಿ ಅದೇ ಜನ ಮತ್ತೆ ಮತ್ತೆ ಸೇರುತ್ತಾರೆ. ಭಟ್ಕಳದಲ್ಲಿ ಹೇಳಿದ ಮಾತು ಬಸ್ಸು ಹತ್ತಿ ಹೊನ್ನಾವರ ದಾಟಿ ಕುಮಟೆಗೆ ಮುಟ್ಟಲು ಅರ್ಧ ದಿನ ಸಾಕಾಗಿತ್ತು. ಈಗಂತೂ ವಾಟ್ಸಾಪಿನಲ್ಲಿ ಅರ್ಧ ಗಳಿಗೆ. ಎರಡು ಫೋನಿನಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಪತ್ತೆಯಾಗುವ ಊರಿನಲ್ಲಿ ನಾವಿದ್ದೇವೆ.

ಅಡ್ಡಹೆಸರನ್ನು ನಂಬಿ ಕೆಡುವವರೂ ಇದ್ದಾರೆ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದಾಗ ನಮ್ಮ ಜಿಲ್ಲೆಯಲ್ಲಿ ಇದ್ದಕ್ಕಿದ್ದಂತೆ ಅವರ ನೆಂಟರ ಸಂಖ್ಯೆ ಬೆಳೆದುಬಿಟ್ಟಿತ್ತು ಎಂದು ನಮ್ಮ ಅಪ್ಪಯ್ಯ ನಗುತ್ತಿದ್ದರು. ಹೆಸರಿನ ಕೊನೆಗೆ ಹೆಗಡೆ ಇದ್ದರೆ ಸಾಕು, ಕಚೇರಿಯಲ್ಲಿ ದನಿ ಒಂದು ಪಟ್ಟು ಏರುತ್ತಿತ್ತಂತೆ. ಅಪ್ಪಯ್ಯ ಕಣ್ಣಾರೆ ಕಂಡದ್ದು: ಒಬ್ಬರು ಯಾವುದೋ ಕಚೇರಿಗೆ ಹೋಗಿ "ನಾವು ದೊಡ್ಮನೆ ಕಡೆಯವರು" ಎಂದರು. ಮೇಜಿನ ಆಚೆ ಕೂತ ಗುಮಾಸ್ತ ಸಿದ್ದಾಪುರದವನೇ. "ಹೌದಾ, ಬನ್ನಿ ಕೂತ್ಕೊಳಿ. ಯಾವ ಮನೆ, ಯಾರ ಮಗ?" ಎಂದು ಪ್ರೀತಿಯಿಂದಲೇ ಕೇಳಿದ. ಬಂದವರು ಕೊಡೆ ಮರೆತು ಹೊರಟುಹೋದರಂತೆ. ಹೆಗಡೆ ಎನ್ನುವುದು ನಮ್ಮಲ್ಲಿ ಹವ್ಯಕರಲ್ಲಿ ಉಂಟು, ಉಡುಪಿ ಮಂಗಳೂರು ಕಡೆ ಬಂಟರಲ್ಲೂ ಉಂಟು. ಆ ಎರಡು ಸಮಾಜಗಳಲ್ಲಿ ಒಂದರ ಅಡ್ಡಹೆಸರು ಇನ್ನೊಂದರ ನಂಟಾಗುವುದಿಲ್ಲ. ಭಟ್, ನಾಯ್ಕ, ಶೆಟ್ಟಿ ಎಲ್ಲಕ್ಕೂ ಇದೇ ಮಾತು.

ಹಾಗಾದರೆ ನಿಜವಾದ ಪರಿಚಯವನ್ನು ಹೇಳುವುದು ಹೇಗೆ? ನನ್ನ ಫಜೀತಿಯ ನಂತರ ನಾನು ಮನಸ್ಸಿನಲ್ಲೇ ಪರಿಚಯಕ್ಕೆ ಮೂರು ಅಳತೆ ಮಾಡಿಕೊಂಡಿದ್ದೇನೆ. ಮುಖ ಕಂಡು ಗೊತ್ತು, ಮಾತಾಡಿ ಗೊತ್ತು, ಕೊಟ್ಟು ತಂದು ಗೊತ್ತು. ಮದುವೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಮೊದಲಿನದು. ವರ್ಷಕ್ಕೆ ನಾಲ್ಕು ಸಲ ಸಿಕ್ಕಿ ಮನೆಮಂದಿಯ ಸುದ್ದಿ ಕೇಳುವವರು ಎರಡನೆಯದು. ಕಷ್ಟಕ್ಕೆ ಅವರ ಮನೆಯಿಂದ ನಾವು, ನಮ್ಮ ಮನೆಯಿಂದ ಅವರು ಏನನ್ನಾದರೂ ತಂದು, ಹೇಳಿದ ದಿನಕ್ಕೆ ಹಿಂತಿರುಗಿಸಿದ್ದು ಮೂರನೆಯದು. ಮೂರನೆಯ ಅಳತೆಯವರು ಮಾತ್ರ ನಮ್ಮ ಗುಣದ ಬಗ್ಗೆ ಇನ್ನೊಬ್ಬರಿಗೆ ಭರವಸೆ ಕೊಡಬಲ್ಲರು. ಮೊದಲಿನ ಅಳತೆಯವರನ್ನು ಮೂರನೆಯದು ಎಂದು ಹೇಳಿದಾಗಲೇ ಎಡವಟ್ಟು. ಸೇರಿನಲ್ಲಿ ಪಾವಕ್ಕಿ ಹಾಕಿ ತುಂಬಿದೆ ಅಂದರೆ ಕೊಳ್ಳುವವಳು ಕೈಹಾಕಿ ನೋಡುವುದಿಲ್ಲವೇ?

ಈಗ ಭಟ್ಕಳದ ತಾಯಿಯ ವಿಷಯಕ್ಕೆ ಬರೋಣ. ನೀವು ಬರೆಯಬೇಕೆಂದಿದ್ದ ಮಾತು "ಅವರು ನಮ್ಮ ಹತ್ತಿರದ ಸಂಬಂಧಿ." ಅದನ್ನು ಓದಿದವರು ಅವರನ್ನೇ ಕೇಳುತ್ತಾರೆ, ಅವರು ಮಗಳ ಹೆಸರನ್ನೇ ಕೇಳಿಲ್ಲ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಿಮ್ಮ ಹತ್ತಿರ ಇರುವ ನಿಜವಾದ ನಂಟು ಯಾವುದು ನೋಡಿ. ನಿಮ್ಮ ತಂಗಿಯ ಗಂಡ ನಿಮ್ಮ ಮಗಳನ್ನು ಹುಟ್ಟಿದಾಗಿನಿಂದ ಬಲ್ಲರು. ಅವರೂ ಆ ಅಧಿಕಾರಿಯೂ ಕೂಡಿ ಓದಿದವರು. ಎರಡು ಕೊಂಡಿಯೂ ಗಟ್ಟಿಯಾಗಿವೆ. ನೀವು ಮಧ್ಯದ ಕೊಂಡಿಯನ್ನು ಕಿತ್ತುಹಾಕಿ ಈ ತುದಿಯನ್ನು ಆ ತುದಿಗೆ ಕಟ್ಟಲು ಹೊರಟಿರುವುದೇ ತೊಂದರೆ.

ಮೊದಲ ಕೆಲಸ, ತಂಗಿಯ ಗಂಡನಿಗೆ ಫೋನ್ ಮಾಡಿ ಅವರ ಒಪ್ಪಿಗೆ ಕೇಳುವುದು. ಕೇಳುವ ರೀತಿ ಕೂಡ ಮುಖ್ಯ. "ನಿಮ್ಮ ಗೆಳೆಯರಿಗೆ ಹೇಳಿ ಕೆಲಸ ಕೊಡಿಸಿ" ಎಂದರೆ ಅವರನ್ನು ಗೋಡೆಗೆ ಒತ್ತಿದಂತೆ. ಇಲ್ಲ ಎನ್ನಲು ಅವರಿಗೆ ಸಂಕೋಚ, ಹೂಂ ಎನ್ನಲು ಕಷ್ಟ. ಅದರ ಬದಲು, "ಹುಡುಗಿ ಅಲ್ಲಿಗೆ ಅರ್ಜಿ ಹಾಕ್ತಾ ಇದ್ದಾಳೆ. ನಿಮ್ಮ ಹೆಸರು ಬರೀಬಹುದಾ? ನಿಮಗೂ ಅವರಿಗೂ ಈಗ ಮಾತುಕತೆ ಹೇಗಿದೆ ನಮಗೆ ಗೊತ್ತಿಲ್ಲ, ಬೇಡ ಅನಿಸಿದರೆ ಬೇಡ ಅನ್ನಿ, ನಾವೇನೂ ತಿಳಕೊಳ್ಳೋದಿಲ್ಲ" ಎನ್ನಿ. ಕಾಲೇಜಿನ ಗೆಳೆತನ ಎಂದು ನೀವು ಅಂದುಕೊಂಡದ್ದು ಹದಿನೈದು ವರ್ಷದ ಹಿಂದೆಯೇ ಮಾತು ಬಿಟ್ಟ ಗೆಳೆತನ ಆಗಿರಬಹುದು. ಅಂಥ ಹೆಸರು ಎತ್ತಿದರೆ ಲಾಭಕ್ಕಿಂತ ಕೇಡೇ ಹೆಚ್ಚು. ಅದು ತಿಳಿಯುವುದು ಕೇಳಿದಾಗ ಮಾತ್ರ.

ಅವರು ಒಪ್ಪಿದರೆ ಮಗಳು ಆ ಅಧಿಕಾರಿಗೆ ಬೇರೆಯಾಗಿ ಒಂದು ಚಿಕ್ಕ ಪತ್ರ ಬರೆಯಲಿ, ಅಥವಾ ಈಗಿನ ಕ್ರಮದಂತೆ ಮೇಲ್ ಕಳಿಸಲಿ. ಹೀಗೆ:

"ಮಾನ್ಯರೇ, ನಿಮ್ಮ ಕಾಲೇಜಿನ ಸಹಪಾಠಿಯಾಗಿದ್ದ ಇಂಥವರು ನನ್ನ ತಾಯಿಯ ತಂಗಿಯ ಪತಿ. ಅವರನ್ನು ಕೇಳಿ, ಅವರ ಒಪ್ಪಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಪರಿಚಯ ನನಗಿಲ್ಲ. ನಿಮ್ಮ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಕಳಿಸಿದ್ದೇನೆ. ನಾನು ಬಿ.ಕಾಂ. ಮುಗಿಸಿದ್ದೇನೆ, ಒಂದು ವರ್ಷ ಊರಿನ ಅಂಗಡಿಯೊಂದರ ಲೆಕ್ಕ ಬರೆದಿದ್ದೇನೆ. ನನ್ನ ಕೆಲಸದ ಬಗ್ಗೆ ಆ ಅಂಗಡಿಯವರು ಹೇಳಬಲ್ಲರು, ನನ್ನ ನಡವಳಿಕೆಯ ಬಗ್ಗೆ ಚಿಕ್ಕಪ್ಪ ಹೇಳಬಲ್ಲರು. ಆ ಕೆಲಸಕ್ಕೆ ಯಾವ ತಯಾರಿ ಬೇಕು ಎಂದು ಎರಡು ಮಾತು ತಿಳಿಸಿದರೆ ಉಪಕಾರವಾಗುತ್ತದೆ. ಬಿಡುವಿಲ್ಲದಿದ್ದರೆ ಉತ್ತರಿಸದಿದ್ದರೂ ಬೇಸರವಿಲ್ಲ."

ಅಂಗಡಿಯ ಮಾತು ನಿಮ್ಮ ಪತ್ರದಲ್ಲಿದ್ದದ್ದೇ, ನಾನು ಸೇರಿಸಿದ್ದಲ್ಲ. ಇಲ್ಲಿ ಎರಡು ವಿಷಯ ಗಮನಿಸಿ. ಪತ್ರದ ಮೊದಲಿಗೆ ಬರಿ "ಚಿಕ್ಕಪ್ಪ" ಎಂದು ಬರೆಯದೆ "ತಾಯಿಯ ತಂಗಿಯ ಪತಿ" ಎಂದು ಬರೆಸಿದ್ದೇನೆ. ನಮ್ಮಲ್ಲಿ ಅಪ್ಪನ ತಮ್ಮನೂ ಚಿಕ್ಕಪ್ಪ, ಚಿಕ್ಕಮ್ಮನ ಗಂಡನೂ ಚಿಕ್ಕಪ್ಪ, ಸಲಿಗೆ ಬೆಳೆದರೆ ಪಕ್ಕದ ಮನೆಯವರೂ ಚಿಕ್ಕಪ್ಪ. ಓದಿದವರು ಒಂದು ತಿಳಿದುಕೊಂಡು ಆಮೇಲೆ ಇನ್ನೊಂದು ಎಂದು ಗೊತ್ತಾದರೆ, ನಾವು ಸುಳ್ಳು ಹೇಳದಿದ್ದರೂ ಸುಳ್ಳಿನ ವಾಸನೆ ಬರುತ್ತದೆ. ಎರಡನೆಯದು, "ನಿಮ್ಮ ಪರಿಚಯ ನನಗಿಲ್ಲ" ಎಂಬ ಸಾಲು. ಇದನ್ನು ಬರೆಯುವಾಗ ಮನಸ್ಸು ಹಿಂಜರಿಯುತ್ತದೆ, ನಮ್ಮನ್ನು ನಾವೇ ಸಣ್ಣ ಮಾಡಿಕೊಂಡಂತೆ ಅನಿಸುತ್ತದೆ. ಆದರೆ ಓದುವವರಿಗೆ ಆ ಸಾಲೇ ನೆಮ್ಮದಿ. ಈ ಹುಡುಗಿ ನಾಳೆ ನನ್ನ ಹೆಸರು ಹೇಳಿಕೊಂಡು ಊರೆಲ್ಲ ತಿರುಗುವವಳಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ಸಂದರ್ಶನದಲ್ಲಿ ಅವರಾಗಿ ಕೇಳದೆ ಆ ಹೆಸರನ್ನು ಎತ್ತುವುದು ಬೇಡ. ಕೇಳಿದರೆ ಪತ್ರದಲ್ಲಿದ್ದಷ್ಟೇ ಹೇಳಲಿ, ಒಂದು ಎಳ್ಳು ಹೆಚ್ಚಿಲ್ಲ.

ಇದೆಲ್ಲ ಖಾಸಗಿ ಕೆಲಸದ ಮಾತಾಯಿತು. ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವವರು ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದಿ. ಯಾವುದೇ ರೀತಿಯ ಶಿಫಾರಸು ತಂದರೆ ಅರ್ಜಿಯೇ ಅನರ್ಹ ಎಂದು ಅನೇಕ ಪ್ರಕಟಣೆಗಳಲ್ಲಿ ಸ್ಪಷ್ಟವಾಗಿ ಇರುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಬಿಡುಗಡೆಯಿಲ್ಲ. ಕೇಂದ್ರ ಸರಕಾರದ ನೌಕರರು ತಮ್ಮ ನೌಕರಿಯ ವಿಷಯಕ್ಕೆ ಹೊರಗಿನವರ ಪ್ರಭಾವವನ್ನು ಮೇಲಧಿಕಾರಿಗಳ ಮೇಲೆ ತರಬಾರದು ಎಂದು 1964ರ ನಡತೆ ನಿಯಮಗಳ 20ನೆಯ ನಿಯಮವೇ ಹೇಳುತ್ತದೆ. ಹಾಗಾಗಿ ಅಲ್ಲಿ ನಿಜವಾದ ನಂಟಿದ್ದರೂ ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ಹೆಣ್ಣು ಗಂಡಿನ ಸಂಬಂಧ ಕುದುರಿಸುವಾಗ ಈ ಅಳತೆ ಇನ್ನೂ ಬಿಗಿಯಾಗಿರಬೇಕು. "ಹುಡುಗನ ಮನೆಯವರು ನಮಗೆ ಚೆನ್ನಾಗಿ ಗೊತ್ತು" ಎಂದು ನಾವು ಒಂದು ಮಾತು ಹಗುರವಾಗಿ ಆಡಿದರೆ, ಅದನ್ನು ನಂಬಿ ಒಂದು ಹುಡುಗಿ ಆ ಮನೆಯ ಹೊಸ್ತಿಲು ದಾಟುತ್ತಾಳೆ. ನನ್ನನ್ನು ಕೇಳಿದವರಿಗೆ ಈಗ ನಾನು ಹೇಳುವುದು ಹೀಗೆ: "ಹುಡುಗನ ತಾಯಿಯನ್ನು ಎರಡು ಸಲ ಭಜನೆಯಲ್ಲಿ ಕಂಡಿದ್ದೇನೆ, ಒಳ್ಳೆಯ ಮಾತು. ಹುಡುಗನ್ನ ನೋಡಿಲ್ಲ. ಅವರ ಬೆನ್ನಿನ ಮನೆಯವರು ಹೆಚ್ಚು ಹೇಳಿಯಾರು." ಕೆಲವರಿಗೆ ಇದು ಒಣ ಉತ್ತರ ಅನಿಸುತ್ತದೆ, ಮುಖ ಸಪ್ಪೆ ಮಾಡುತ್ತಾರೆ. ಮಾಡಲಿ.

ಇನ್ನು ನಮ್ಮ ಮುಂದೆಯೇ ಯಾರಾದರೂ ದೊಡ್ಡ ಹೆಸರು ಉದುರಿಸಿದರೆ? ಭಟ್ಕಳದ ಆಚೆಗೆ ಗಡಿ ದಾಟಿದರೆ ಬೈಂದೂರು. ಅಲ್ಲಿಯ ವಿಧಾನಸಭಾ ಕ್ಷೇತ್ರದ ಟಿಕೆಟ್ ಕೊಡಿಸುತ್ತೇವೆ ಎಂದು ಒಬ್ಬ ಉದ್ಯಮಿಗೆ ಸುಮಾರು 5 ಕೋಟಿ ರೂಪಾಯಿ ವಂಚಿಸಿದ ಆರೋಪದ ಮೇಲೆ 2023ರ ಸೆಪ್ಟೆಂಬರಿನಲ್ಲಿ ಕೆಲವರ ಬಂಧನವಾದದ್ದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಮೇಲಿನ ಮುಖಂಡರು ತಮಗೆ ಬೇಕಾದವರು ಎಂದು ನಂಬಿಸಿ, ಮುಖಂಡರೆಂದು ಬೇರೆ ಯಾರನ್ನೋ ತಂದು ಪರಿಚಯ ಮಾಡಿಸಿದರು ಎನ್ನುವುದು ದೂರಿನ ತಿರುಳಾಗಿತ್ತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ನನಗೆ ಅದರಲ್ಲಿ ಕಂಡದ್ದು ಬೇರೆ: ವ್ಯವಹಾರ ಬಲ್ಲ ಗಂಡಸರೇ ಹೆಸರಿನ ಎದುರು ಪ್ರಶ್ನೆ ಕೇಳುವುದನ್ನು ಮುಂದೂಡುತ್ತಾರೆ. ನಮ್ಮ ಮನೆಗೆ ಬಂದು "ನಿಮ್ಮ ಮಗನಿಗೆ ದುಬೈಯಲ್ಲಿ ಕೆಲಸ ಕೊಡಿಸ್ತೇನೆ, ಅಲ್ಲಿಯ ಮಾಲೀಕರು ನಮ್ಮವರೇ" ಎನ್ನುವವನ ಎದುರು ನಾವು ಕಾಫಿ ಲೋಟ ಹಿಡಿದು ಬಾಯಿ ಬಿಟ್ಟು ನಿಂತರೆ ಆಶ್ಚರ್ಯವೇನು?

ಅಂಥವರನ್ನು ಜಗಳವಿಲ್ಲದೆ ಪರೀಕ್ಷಿಸಬಹುದು. ಅವರ ಪರಿಚಯ ಹೇಗಾಯಿತು, ಕೊನೆಗೆ ಯಾವಾಗ ಸಿಕ್ಕಿದ್ದರು ಎಂದು ಸುಮ್ಮನೆ ಮಾತಿಗೆ ಕೇಳಿ. ನಿಜವಾದ ಪರಿಚಯ ಇದ್ದವರು ಸಣ್ಣ ಸಂಗತಿ ಹೇಳುತ್ತಾರೆ. "ಮೊನ್ನೆ ಅವರ ತಾಯಿಗೆ ಹುಷಾರಿರಲಿಲ್ಲ, ನೋಡ್ಲಿಕ್ಕೆ ಹೋಗಿದ್ದೆ" ಎನ್ನುವಂಥ ಮಾತು. ಇಲ್ಲದವರು ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. ಸಭೆ ಸಮಾರಂಭದಲ್ಲಿ ದೊಡ್ಡವರ ಪಕ್ಕ ನಿಂತು ಯಾರೂ ಫೋಟೊ ತೆಗೆಸಿಕೊಳ್ಳಬಹುದು, ನನ್ನ ಹತ್ತಿರವೂ ಎರಡು ಉಂಟು. ಆಮೇಲೆ "ನಾವೇ ಅವರ ಹತ್ತಿರ ಒಂದು ಮಾತು ಕೇಳಬಹುದಾ?" ಎನ್ನಿ. "ಬೇಡ ಬೇಡ, ಅವರಿಗೆ ಸಿಟ್ಟು ಬರ್ತದೆ, ಎಲ್ಲ ನನ್ನ ಮೂಲಕವೇ ಆಗಬೇಕು" ಎಂದರೆ ಹಣದ ಡಬ್ಬಿಯ ಮುಚ್ಚಳ ತೆರೆಯಬೇಡಿ.

ಈಗಾಗಲೇ ಬಾಯಿ ತಪ್ಪಿ ದೊಡ್ಡದಾಗಿ ಹೇಳಿಬಿಟ್ಟಿದ್ದರೆ ಏನು ಮಾಡಬೇಕು ಎಂದು ಕೇಳುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಗೆಳತಿ ಸಿಕ್ಕಿದ ಮರುದಿನ ಮಗನ ಕೈಯಲ್ಲಿ ಅಲ್ಲ, ನನ್ನ ಕೈಯಲ್ಲೇ ಆ ಮ್ಯಾನೇಜರಿಗೆ ನಾಲ್ಕು ಸಾಲು ಬರೆದೆ. ಭಾವ ಎಂದದ್ದು ನನ್ನ ಕಲ್ಪನೆ, ಹುಡುಗ ಬೇಡವೆಂದರೂ ಹೇಳಿಸಿದವಳು ನಾನು, ನಿಮಗಾದ ಮುಜುಗರಕ್ಕೆ ಕ್ಷಮೆ ಇರಲಿ, ಇದನ್ನು ನಿಮ್ಮ ಕಚೇರಿಯಲ್ಲಿ ಬೇಕಾದವರಿಗೆ ತೋರಿಸಬಹುದು ಎಂದಷ್ಟೇ. ಕೆಲಸದ ಸುದ್ದಿ ಎತ್ತಲಿಲ್ಲ. ಕ್ಷಮೆಯ ಬೆನ್ನಿಗೆ ಬೇಡಿಕೆ ಕಟ್ಟಿದರೆ ಅದು ಕ್ಷಮೆಯಾಗುವುದಿಲ್ಲ. ಅವರಿಂದ ಉತ್ತರ ಬರಲಿಲ್ಲ. ಮಗನಿಗೆ ಆರು ತಿಂಗಳ ಮೇಲೆ ಹುಬ್ಬಳ್ಳಿಯಲ್ಲಿ, ಯಾರ ಹೆಸರೂ ಇಲ್ಲದೆ, ಕೆಲಸ ಸಿಕ್ಕಿತು. ಕಳೆದ ವರ್ಷ ಗೆಳತಿಯ ಮಗಳ ಮದುವೆಯಲ್ಲಿ ಆ ಮ್ಯಾನೇಜರು ಸಿಕ್ಕಿ, "ಹುಡುಗ ಈಗ ಎಲ್ಲಿದ್ದಾನೆ?" ಎಂದು ತಾವಾಗಿ ವಿಚಾರಿಸಿದರು. ನಾನು ಅವರನ್ನು ಯಾವ ವಾವೆ ಹಿಡಿದೂ ಕರೆಯಲಿಲ್ಲ ಎನ್ನಿ!

ಭಟ್ಕಳದ ಅಕ್ಕಾ, ಈ ಭಾನುವಾರವೇ ತಂಗಿಯ ಮನೆಗೆ ಫೋನ್ ಮಾಡಿ. ಕೆಲಸ ಆಗಲಿ ಬಿಡಲಿ, ಫಲಿತಾಂಶ ಬಂದ ದಿನ ಮಗಳು ಚಿಕ್ಕಪ್ಪನಿಗೆ ಮೊದಲು ತಿಳಿಸಲಿ, ಇಲ್ಲವಾದರೆ ಅವರು ಬೇರೆಯವರ ಬಾಯಲ್ಲಿ ಕೇಳಿ ನೊಂದುಕೊಳ್ಳುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟುಕಳಿಸಬೇಕೆಂದು ಬರೆದಿದ್ದೀರಲ್ಲ, ತಂಗಿಯ ಮನೆಗೆ ಯಾವಾಗ ಬೇಕಾದರೂ ಕಳಿಸಿ. ಆ ಅಧಿಕಾರಿಯ ಮನೆಗೆ ಮಾತ್ರ ಈಗ ಬೇಡ, ಎಲ್ಲ ಮುಗಿದ ಮೇಲೆ ನೋಡೋಣ.